ಮಗಳು ಬರೆಯದ ಪರೀಕ್ಷೆ

ಸರ್ಕಾರಿ ಕಾಗದಗಳಲ್ಲಿ ನಮ್ಮೂರಿನ ಹೆಸರು ಪೆದ್ದಹರಿವಾಣಂ. ಮನೆಮಾತಿನಲ್ಲಿ ನಮಗದು ದೊಡ್ಡ ಹರಿವಾಣ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಮೈಸೂರಿಗೆ ಸೇರಿತು. ಅದೇ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಿಗೆ ಉಳಿದವು. ಅಂದಿನಿಂದ ಈ ಸೀಮೆಯಲ್ಲಿ ಕನ್ನಡವನ್ನು ಮನೆಯಿಂದ ಹೊರಗೂ ಉಳಿಸಿಕೊಂಡು ಬಂದದ್ದು ಬಹುಮಟ್ಟಿಗೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು. ಅಂಥ ಶಾಲೆಗಳಲ್ಲಿ ಮೂರು ದಶಕ ಪಾಠ ಹೇಳಿ ನಿವೃತ್ತನಾದವನು ನಾನು. ನನ್ನ ಒಬ್ಬಳೇ ಮಗಳೂ ಅದೇ ಕರಿಹಲಗೆಯ ಮುಂದೆ ನಿಲ್ಲಬೇಕೆಂಬುದು ನನಗೆ ಆಸೆಯಾಗಿರಲಿಲ್ಲ, ತೀರ್ಮಾನವಾಗಿತ್ತು. ಆ ತೀರ್ಮಾನ ನಮ್ಮಿಬ್ಬರ ನಡುವೆ ತಂದದ್ದನ್ನೂ ಅದನ್ನು ನಾವು ದಾಟಿಬಂದದ್ದನ್ನೂ ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ.

ಇಂಟರ್‌ಮೀಡಿಯೆಟ್ ಮುಗಿಸಿದ ಮಗಳು ನನ್ನ ಮಾತಿನಂತೆ ಎರಡು ವರ್ಷದ ಡಿ.ಎಡ್. ಓದಿದಳು. ನಮ್ಮಲ್ಲಿ ಪ್ರಾಥಮಿಕ ಶಾಲೆಯ ಎಸ್‌ಜಿಟಿ ಹುದ್ದೆ ಸಿಗಬೇಕಾದರೆ ಮೊದಲು ಟೆಟ್ ತೇರ್ಗಡೆಯಾಗಬೇಕು, ಅನಂತರ ಡಿಎಸ್‌ಸಿ ಬರೆಯಬೇಕು. ಡಿಎಸ್‌ಸಿಗೆ ಎಂಬತ್ತು ಅಂಕ. ಟೆಟ್ಟಿನ ಅಂಕಗಳಿಗೆ ಶೇಕಡಾ ಇಪ್ಪತ್ತರ ತೂಕ. ಹುದ್ದೆಗಳನ್ನು ಜಿಲ್ಲೆ, ಮಾಧ್ಯಮ, ಮೀಸಲಾತಿಗಳ ಪ್ರಕಾರ ಹಂಚುತ್ತ ಹೋದರೆ ಕನ್ನಡದ ಪಾಲಿಗೆ, ಅದರಲ್ಲೂ ಒಂದೊಂದು ವರ್ಗಕ್ಕೆ, ಉಳಿಯುವುದು ಬೆರಳೆಣಿಕೆಯಷ್ಟು. 2018ರ ಕೊನೆಯಲ್ಲಿ ಪ್ರಕಟವಾದ ಡಿಎಸ್‌ಸಿಯನ್ನು ಮಗಳು ಬರೆದಳು. ಸ್ವಲ್ಪದರಲ್ಲಿ ತಪ್ಪಿತು. ‘ಮುಂದಿನ ಸಲ ಆಗ್ತದೆ ಬಿಡವ್ವಾ’ ಎಂದೆ.

ಆ ‘ಮುಂದಿನ ಸಲ’ ಬರಲು ಆರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆಂದು ಆಗ ಯಾರಿಗೆ ಗೊತ್ತಿತ್ತು? ಕಾಯುವ ಮನೆಗಳಲ್ಲಿ ಏನಾಗುತ್ತದೆಂಬುದನ್ನು ಆ ಕಾಲದಲ್ಲಿ ಕಂಡೆ. ಇಪ್ಪತ್ತೆರಡರ ಹುಡುಗಿ ಬೇರೆ ಯಾವ ಕೆಲಸಕ್ಕೂ ಮನಸ್ಸು ಕೊಡುವಂತಿಲ್ಲ. ನಾಳೆಯೇ ಅಧಿಸೂಚನೆ ಬಂದರೆ? ಸಂಬಂಧ ನೋಡಲು ಬಂದವರಿಗೆ ‘ಡಿಎಸ್‌ಸಿಗೆ ಓದುತ್ತಿದ್ದಾಳೆ’ ಎಂದು ನಾನೇ ಉತ್ತರ ಹೇಳುತ್ತಿದ್ದೆ. ಅವಳನ್ನು ಮಾತನಾಡಲು ಬಿಡುತ್ತಿರಲಿಲ್ಲ. 2019ರ ನವೆಂಬರಿನಲ್ಲಿ ಸರ್ಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸುವ ಆದೇಶ ಹೊರಬಿತ್ತು. 2020ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. ನಡುವಿನ ಆ ತಿಂಗಳುಗಳಲ್ಲಿ ಮಗಳು ಒಂದು ರಾತ್ರಿ ಕೇಳಿದಳು: ‘ಅಪ್ಪಾ, ಶಾಲೀನೇ ಇರಲಿಲ್ಲಂದ್ರ ನಾನು ಯಾವುದಕ್ಕ ಓದಬೇಕು?’ ನಾನು ಉತ್ತರ ಹೇಳದೆ ಎದ್ದುಹೋದೆ.

2021ರಲ್ಲಿ ಅವಳು ಬೆಂಗಳೂರಿಗೆ ಹೊರಟಳು. ಕಂಪನಿಯೊಂದರ ಗ್ರಾಹಕ ಸೇವಾ ವಿಭಾಗದಲ್ಲಿ, ಕನ್ನಡ ಮತ್ತು ತೆಲುಗು ಎರಡನ್ನೂ ಸಲೀಸಾಗಿ ಆಡಬಲ್ಲವರು ಬೇಕಾಗಿದ್ದರಂತೆ. ಗಡಿಯಲ್ಲಿ ಹುಟ್ಟಿದ್ದೇ ಅವಳ ಅರ್ಹತೆಯಾಯಿತು. ನನಗೋ ಅದು ಕೆಲಸವೆನ್ನಿಸಲೇ ಇಲ್ಲ. ‘ಫೋನು ಎತ್ತುವುದಕ್ಕೆ ಡಿ.ಎಡ್. ಯಾಕೆ ಬೇಕಿತ್ತು?’ ಎಂದು ರೈಲು ನಿಲ್ದಾಣದಲ್ಲೇ ಅಂದುಬಿಟ್ಟೆ. ಅದಕ್ಕಿಂತ ದೊಡ್ಡ ತಪ್ಪನ್ನು ಮರುವರ್ಷ ಮಾಡಿದೆ. ಅಧಿಸೂಚನೆ ಬರುತ್ತದೆಂಬ ಗಾಳಿಮಾತನ್ನು ನಂಬಿ, ಅವಳನ್ನು ಕೇಳದೆಯೇ ದೂರದ ಊರಿನ ಒಂದು ತರಬೇತಿ ಕೇಂದ್ರಕ್ಕೆ ಮುಂಗಡ ಕಟ್ಟಿದೆ. ಅಲ್ಲಿಯ ಪಾಠ ತೆಲುಗಿನಲ್ಲಿ, ಇವಳು ಬರೆಯಬೇಕಾದ ಪರೀಕ್ಷೆ ಕನ್ನಡದಲ್ಲಿ ಎಂಬುದೂ ನನಗೆ ಹೊಳೆಯಲಿಲ್ಲ. ಸುದ್ದಿ ತಿಳಿದ ಮಗಳು ಜಗಳವಾಡಲಿಲ್ಲ. ಫೋನು ಮಾಡುವುದನ್ನು ನಿಲ್ಲಿಸಿದಳು. ನಾಲ್ಕು ತಿಂಗಳು ಅವಳ ಕ್ಷೇಮಸಮಾಚಾರ ಅವರವ್ವನ ಮೂಲಕವೇ ನನಗೆ ತಲುಪಿತು.

ಆ ನಾಲ್ಕು ತಿಂಗಳಲ್ಲಿ ನಾನು ನನ್ನನ್ನೇ ಕೇಳಿಕೊಂಡೆ: ಇವಳು ಶಿಕ್ಷಕಿಯಾಗಬೇಕೆಂದು ನಾನು ಬಯಸುವುದು ಯಾಕೆ? ಪ್ರಾಮಾಣಿಕವಾಗಿ ಹುಡುಕಿದಾಗ ಒಂದಲ್ಲ, ಎರಡು ಕಾರಣಗಳು ಸಿಕ್ಕವು. ಮಗಳಿಗೆ ತಿಂಗಳು ತಿಂಗಳು ಸಂಬಳ ಬರಬೇಕು, ಯಾರ ಮುಂದೆಯೂ ಕೈಚಾಚಬಾರದು ಎಂಬುದು ಮೊದಲನೆಯದು. ನಾನು ಬಿಟ್ಟುಬಂದ ಶಾಲೆಗೆ ಕನ್ನಡದ ಶಿಕ್ಷಕರು ಬರದಿದ್ದರೆ ಅದು ಮುಚ್ಚಿಹೋಗುತ್ತದೆ ಎಂಬ ಭಯ ಎರಡನೆಯದು. ಮೊದಲನೆಯದು ಅವಳ ಬದುಕಿಗೆ ಸಂಬಂಧಿಸಿದ್ದು. ಅದನ್ನು ಅವಳು ಬೆಂಗಳೂರಿನಲ್ಲಿ ತನ್ನ ದಾರಿಯಲ್ಲಿ ಆಗಲೇ ಸಾಧಿಸಿದ್ದಳು. ಎರಡನೆಯದು ನನ್ನದು. ನನ್ನ ಭಯವನ್ನು ಅವಳ ಭವಿಷ್ಯವೆಂದು ಹೆಸರಿಟ್ಟು ಅವಳ ಹೆಗಲಿಗೆ ಹೊರಿಸಿದ್ದೆ. ಎರಡನ್ನೂ ಒಂದೇ ಗಂಟಾಗಿ ಕಟ್ಟಿದ್ದರಿಂದಲೇ, ಅವಳು ಒಂದನ್ನು ಬೇಡವೆಂದಾಗ ನನ್ನನ್ನೇ ಬೇಡವೆಂದಂತೆ ಕೇಳಿಸುತ್ತಿತ್ತು.

ದೀಪಾವಳಿಗೆ ಅವಳು ಬಂದಳು. ಹೊಲದ ಬದುವಿನ ಮೇಲೆ ಕುಳಿತು ಇದನ್ನೇ ಅವಳಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಅವಳು ಮೂರು ಮಾತು ಇಟ್ಟಳು. ಮುಂದೆ ಡಿಎಸ್‌ಸಿ ಬಂದಾಗ ಬರೆಯಬೇಕೋ ಬೇಡವೋ ಎಂಬುದನ್ನು ತಾನೇ ನಿರ್ಧರಿಸುವುದು. ಅಲ್ಲಿಯವರೆಗೆ ನಾನು ಆ ವಿಷಯ ಎತ್ತದಿರುವುದು. ಬಂಧುಗಳು ಕೇಳಿದರೆ ‘ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ’ ಎಂದಷ್ಟೇ ಹೇಳುವುದು. ಅದಕ್ಕೆ ಪ್ರತಿಯಾಗಿ ಅವಳು, ನಿರ್ಧಾರ ಏನೇ ಇರಲಿ, ಬೇರೆಯವರ ಬಾಯಿಂದ ನನಗೆ ತಿಳಿಯಗೊಡುವುದಿಲ್ಲವೆಂದು ಮಾತು ಕೊಟ್ಟಳು. ಮೂರನೆಯದೇ ನನಗೆ ಕಷ್ಟವಾಯಿತು. ಮದುವೆಮನೆಗಳಲ್ಲಿ ‘ಮೇಷ್ಟ್ರ ಮಗಳು ಟೀಚರಾಗಲಿಲ್ಲವೇ?’ ಎಂದು ಕೇಳಿದಾಗ ‘ಆಗ್ತಾಳೆ’ ಎಂಬ ಮಾತು ತುಟಿಯವರೆಗೆ ಬಂದು ನಿಲ್ಲುತ್ತಿತ್ತು. ಎರಡು ಸಲ ನಿಲ್ಲದೆ ಹೊರಬಿದ್ದೂ ಇದೆ. ಎರಡು ಸಲವೂ ಮಗಳ ಬಳಿ ತಪ್ಪೊಪ್ಪಿಕೊಂಡೆ.

2024ರ ಫೆಬ್ರವರಿಯಲ್ಲಿ 6,100 ಹುದ್ದೆಗಳ ಅಧಿಸೂಚನೆ ಬಂದಾಗ ಮಾತಿನಂತೆ ಬಾಯಿ ಮುಚ್ಚಿಕೊಂಡಿದ್ದೆ. ಚುನಾವಣೆ ನಡೆದು ಸರ್ಕಾರ ಬದಲಾಗಿ ಅದು ರದ್ದಾಯಿತು. 2025ರ ಏಪ್ರಿಲ್ 20ರಂದು ‘ಮೆಗಾ ಡಿಎಸ್‌ಸಿ’ ಪ್ರಕಟವಾಯಿತು: ಒಟ್ಟು 16,347 ಹುದ್ದೆಗಳು. ಪತ್ರಿಕೆಯನ್ನು ಮಡಚಿ ದಿಂಬಿನ ಕೆಳಗಿಟ್ಟೆ. ಎರಡು ದಿನ ಫೋನನ್ನು ಕೈಗೆತ್ತಿಕೊಂಡು ಕೆಳಗಿಟ್ಟದ್ದು ಎಷ್ಟು ಸಲವೋ. ಮೂರನೆಯ ದಿನ ಅವಳೇ ಮಾಡಿದಳು.

‘ನೋಟಿಫಿಕೇಶನ್ ಬಂದೈತಲ್ಲಪ್ಪಾ, ಯಾಕ ಹೇಳಲಿಲ್ಲ?’

‘ನೀನೇ ಹೇಳ್ತೀಯಂತ ಸುಮ್ಮನಿದ್ದೆ.’

ಅರ್ಜಿ ಹಾಕುವುದಿಲ್ಲ ಎಂದಳು. ಈಗ ತಾನು ಹೊಸದಾಗಿ ಸೇರಿದವರಿಗೆ ತರಬೇತಿ ಕೊಡುತ್ತಿದ್ದೇನೆ, ಆ ಕೆಲಸ ತನಗೆ ಹಿಡಿಸಿದೆ, ಆರು ವರ್ಷದ ಹಿಂದೆ ಓದಿದ್ದು ಮರೆತಿದೆ ಎಂದಳು. ‘ನಿನಗ ಬ್ಯಾಸರಾತೇನು?’ ಎಂದು ಕೇಳಿದಳು. ಸುಳ್ಳು ಹೇಳಬಾರದೆನ್ನಿಸಿತು. ‘ಆತವ್ವಾ. ಆದರ ನಿನ್ನ ಮ್ಯಾಲಲ್ಲ’ ಎಂದೆ. ಆ ಕಡೆ ಅಳುವಿನ ಸದ್ದು ಕೇಳಿತು. ಆಮೇಲೆ ಊಟದ ಮಾತು, ಅವರವ್ವನ ಮೊಣಕಾಲುನೋವಿನ ಮಾತು, ಮಳೆಯ ಮಾತು. ಅರ್ಧ ತಾಸು ಮಾತನಾಡಿದೆವು. ಅಷ್ಟು ಹೊತ್ತು ನಾವಿಬ್ಬರೂ ಮಾತನಾಡಿ ವರ್ಷಗಳೇ ಆಗಿದ್ದವು.

ಶಾಲೆಯ ಚಿಂತೆ ನನ್ನದೆಂದು ಒಪ್ಪಿಕೊಂಡ ಮೇಲೆ ಅದಕ್ಕೆ ನಾನೇ ಏನಾದರೂ ಮಾಡಬೇಕಿತ್ತು. ಕನ್ನಡ ಮಾಧ್ಯಮದಲ್ಲಿ ಡಿ.ಎಡ್. ಮುಗಿಸಿ ಪರೀಕ್ಷೆಗೆ ಸಿದ್ಧರಾಗುತ್ತಿದ್ದ ಮೂವರು ಹುಡುಗಿಯರಿಗೆ ಆ ಬೇಸಿಗೆಯಲ್ಲಿ ನಮ್ಮ ಪಡಸಾಲೆಯಲ್ಲೇ ಸಂಜೆ ಪಾಠ ಹೇಳಿದೆ. ಮಾರುಕಟ್ಟೆಯ ಕೈಪಿಡಿಗಳು ತೆಲುಗಿನವು. ಅವುಗಳನ್ನು ಮುಂದಿಟ್ಟುಕೊಂಡು ಪ್ರಶ್ನೆಗಳನ್ನು ಕನ್ನಡದಲ್ಲಿ ನಾನು ಕೈಯಲ್ಲಿ ಬರೆಯುತ್ತಿದ್ದೆ. ಹಾಳೆಗಳ ಚಿತ್ರ ಕಳಿಸಿದರೆ ಮಗಳು ರಾತ್ರಿಪಾಳಿ ಮುಗಿಸಿ ಬಂದು ಟೈಪು ಮಾಡಿ ತಿರುಗಿ ಕಳಿಸುತ್ತಿದ್ದಳು. ನಾನು ಕೇಳಿರಲಿಲ್ಲ, ಹಾಳೆಗಳನ್ನು ನೋಡಿ ‘ನಿನ್ನ ಅಕ್ಷರ ಈಗಿನ ಹುಡುಗರಿಗೆ ತಿಳಿಯಂಗಿಲ್ಲಪ್ಪಾ’ ಎಂದು ತಾನೇ ವಹಿಸಿಕೊಂಡಳು. ಮೂವರಲ್ಲಿ ಒಬ್ಬಳಿಗೆ ಹುದ್ದೆ ಸಿಕ್ಕಿತು.

ಆಸೆ ಪೂರ್ತಿ ಹೋಗಿದೆಯೆಂದರೆ ಸುಳ್ಳಾದೀತು. ಶಾಲೆಯ ಮುಂದೆ ಹಾದುಹೋಗುವಾಗ ಒಳಗಿನಿಂದ ಮಗ್ಗಿಯ ದನಿ ಕೇಳಿದರೆ ಈಗಲೂ ಮಗಳ ನೆನಪಾಗುತ್ತದೆ. ಅದನ್ನು ಅವಳಿಗೆ ಹೇಳಿಯೂ ಇದ್ದೇನೆ. ಕೇಳಿ ನಕ್ಕಳು, ಮೊದಲಿನಂತೆ ಫೋನು ಇಡಲಿಲ್ಲ.