ನಮ್ಮ ಹುಣ್ಣಿಮೆ, ಅವರ ಸೋಮವಾರ

ನಮ್ಮ ರೂಮಲ್ಲಿ ನಾವು ಮೂವರು. ಒಬ್ಬರು ಸಾಗರ, ಒಬ್ಬರು ಹೊಸನಗರ, ಒಬ್ಬರು ತೀರ್ಥಹಳ್ಳಿ. ಮೂರೂ ಮನೆಯವರು ಗದ್ದೆ ಮಾಡ್ತಾರೆ, ಮೂರೂ ಮನೇಲಿ ಭೂಮಿ ಹುಣ್ಣಿಮೆ ಮಾಡ್ತಾರೆ. 2025ರಲ್ಲಿ ಮೂವರೂ ಅದನ್ನ ತಪ್ಪಿಸಿಕೊಂಡ್ವಿ. ಹೇಗೆ ತಪ್ಪಿತು ಅಂತ ಲೆಕ್ಕ ಹಾಕೋಕೆ ಹೋಗಿ ಈ ಬರಹ ಆಯ್ತು.

ಗೊತ್ತಿಲ್ಲದವರಿಗೆ ಹೇಳಬೇಕು. ಆಶ್ವಯುಜ ಮಾಸದ ಹುಣ್ಣಿಮೆಗೆ ಮಲೆನಾಡಲ್ಲಿ ಭೂಮಿತಾಯಿಗೆ ಸೀಮಂತ. ಭತ್ತ ಹೊಡೆ ತುಂಬಿ ನಿಂತಿರುತ್ತೆ, ಅಂದ್ರೆ ತೆನೆ ಇನ್ನೂ ಹೊಟ್ಟೆಯಲ್ಲಿರುತ್ತೆ. ಬಸುರಿಗೆ ಬಯಕೆ ಊಟ ಹಾಕೋ ಹಾಗೆ ಗದ್ದೆಗೆ ಊಟ. ಹಿಂದಿನ ರಾತ್ರಿ ಇಡೀ ಅಡುಗೆ. ತರಾವರಿ ಸೊಪ್ಪು ಬೇಯಿಸಿ ಅನ್ನದ ಜೊತೆ ಕಲಸಿದ ಚರಗ, ಕಡುಬು, ಇನ್ನೂ ಏನೇನೋ. ಬೆಳಗಾಗೋ ಮುಂಚೆ ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಪೈರಿಗೆ ಪೂಜೆ ಮಾಡಿ, ಚರಗ ಬೀರಿ, ಅಲ್ಲೇ ಕೂತು ಊಟ. ದೀವರ ಮನೆಗಳಲ್ಲಿ ಆ ಬುಟ್ಟಿಗೆ ಭೂಮಣ್ಣಿ ಬುಟ್ಟಿ ಅಂತಾರೆ. ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಹೆಂಗಸರು ಚಿತ್ತಾರ ಬರೀತಾರೆ. ಕೊಯ್ಲು ಆದಮೇಲೆ ಹೇಳೋ ಥ್ಯಾಂಕ್ಸ್ ಅಲ್ಲ ಇದು, ಕೊಯ್ಲಿಗೆ ಮುಂಚಿನದು.

ದಸರಾ ರಜೆಗೆ ಹೋದಾಗ ಸಾಗರದ ಮನೆಯಲ್ಲಿ ಬುಟ್ಟಿ ಅರ್ಧ ಬರೆದಿತ್ತು. ವಿಜಯದಶಮಿ ಅಕ್ಟೋಬರ್ 2. ದಶಮಿಯಿಂದ ಹುಣ್ಣಿಮೆಗೆ ಐದೇ ದಿನ. ಆದರೆ ಭಾನುವಾರವೇ ಬೆಂಗಳೂರಿಗೆ ವಾಪಸ್ ಬರಬೇಕಿತ್ತು, ಸೋಮವಾರ ಇಂಟರ್ನಲ್ಸ್. ಮಂಗಳವಾರ 7ಕ್ಕೆ ಸರ್ಕಾರಿ ರಜೆ ಇತ್ತು, ವಾಲ್ಮೀಕಿ ಜಯಂತಿ, ಅದೂ ಇದೇ ಹುಣ್ಣಿಮೆಗೇ ಬರೋದು. ಟೆಸ್ಟ್ ಮುಗಿಸಿ ರಾತ್ರಿ ಬಸ್ ಹತ್ತಿದ್ವಿ. ಸಾಗರದಲ್ಲಿ ಇಳಿದಾಗಲೇ ಬೆಳಕು ಹರಿದಿತ್ತು. ಮನೆ ತಲುಪಿದಾಗ ಗದ್ದೆಯಿಂದ ಎಲ್ಲರೂ ವಾಪಸ್ ಬಂದಾಗಿತ್ತು. "ಚರಗ ಇಟ್ಟಿದೀನಿ, ತಿನ್ನು" ಅಂದ್ರು ಅಜ್ಜಿ. ಬೈದಿದ್ರೆ ವಾಸಿ ಇತ್ತು. ಉಳಿದಿಬ್ಬರ ಮನೇಲೂ ಹೆಚ್ಚು ಕಮ್ಮಿ ಇದೇ ಕಥೆ.

ಅದೇ ವಾರ ಟೊರಾಂಟೊದಲ್ಲಿರೋ ಅಕ್ಕ ಫೋನ್ ಮಾಡಿ "ನಮಗೆ 13ಕ್ಕೆ ಥ್ಯಾಂಕ್ಸ್‌ಗಿವಿಂಗ್, ಲಾಂಗ್ ವೀಕೆಂಡ್" ಅಂದ್ಲು. ಅಮೆರಿಕದಲ್ಲಿರೋ ಇನ್ನೊಬ್ಬರ ಮಾವನಿಗೆ ಅದೇ ಹಬ್ಬ ನವೆಂಬರ್ 27ಕ್ಕೆ. ಪಕ್ಕಪಕ್ಕದ ದೇಶ, ಒಂದೇ ಹೆಸರಿನ ಹಬ್ಬ, ಯಾಕೆ ಹೀಗೆ ಅಂತ ನೋಡಿದ್ವಿ.

ಕೆನಡಾದ ನಿಯಮ: ಅಕ್ಟೋಬರ್ ಎರಡನೇ ಸೋಮವಾರ. ಮೊದಲ ಸೋಮವಾರ 1ರಿಂದ 7ರೊಳಗೆ ಬರಲೇಬೇಕು, ಹಾಗಾಗಿ ಎರಡನೆಯದು 8ರಿಂದ 14ರೊಳಗೆ. ಅಮೆರಿಕದ್ದು ನವೆಂಬರ್ ನಾಲ್ಕನೇ ಗುರುವಾರ: 22ರಿಂದ 28. ಅಕ್ಟೋಬರ್ 8ಕ್ಕೆ 45 ದಿನ ಕೂಡಿಸಿದರೆ ನವೆಂಬರ್ 22. 45 ಅಂದ್ರೆ ಆರು ವಾರ, ಮೇಲೆ ಮೂರು ದಿನ. ಸೋಮವಾರದಿಂದ ಮೂರು ದಿನ ಮುಂದೆ ಹೋದ್ರೆ ಗುರುವಾರ. ಅಂದ್ರೆ ಯಾವ ವರ್ಷ ತಗೊಂಡ್ರೂ ಎರಡರ ನಡುವೆ ಸರಿಯಾಗಿ 45 ದಿನ!

ಉತ್ತರದಲ್ಲಿ ಚಳಿ ಬೇಗ, ಕೊಯ್ಲು ಬೇಗ, ಅದಕ್ಕೇ ಕೆನಡಾಕ್ಕೆ ಅಕ್ಟೋಬರ್ ಅಂತ ಸಾಮಾನ್ಯವಾಗಿ ಹೇಳ್ತಾರೆ. ಅದರಲ್ಲಿ ಅರ್ಥ ಇದೆ, ಆದರೆ ಪೂರ್ತಿ ಅಲ್ಲ. ಕೆನಡಾದಲ್ಲೂ 1879ರಲ್ಲಿ ಆ ಹಬ್ಬ ನವೆಂಬರ್ 6ಕ್ಕೆ ಇತ್ತು. ಮೊದಲ ಮಹಾಯುದ್ಧ ಆದಮೇಲೆ ಕೆಲವು ವರ್ಷ ನವೆಂಬರ್ 11ರ ಯುದ್ಧಸ್ಮರಣೆಯ ಜೊತೆ ಸೇರಿಕೊಂಡಿತ್ತು. ಈಗಿನ ನಿಯಮ ಬಂದದ್ದು 1957ರಲ್ಲಿ. ಅಮೆರಿಕದಲ್ಲಿ 1863ರಿಂದ ನವೆಂಬರ್ ಕೊನೆಯ ಗುರುವಾರ ಅಂತ ರೂಢಿ. 1939ರ ನವೆಂಬರಲ್ಲಿ ಐದು ಗುರುವಾರ ಬಂದು, ಕೊನೆಯದು 30ಕ್ಕೆ ಬಿತ್ತು. ಕ್ರಿಸ್‌ಮಸ್ ವ್ಯಾಪಾರಕ್ಕೆ ದಿನ ಸಾಲಲ್ಲ ಅಂತ ಅಂಗಡಿಯವರು ಕೇಳಿದ್ದಕ್ಕೆ ಅಧ್ಯಕ್ಷ ರೂಸ್‌ವೆಲ್ಟ್ 23ಕ್ಕೆ ತಂದರು. ಕೆಲವು ರಾಜ್ಯಗಳು ಒಪ್ಪಿದವು, ಕೆಲವು 30ಕ್ಕೇ ಮಾಡಿದವು. ಗೊಂದಲ ನಿಂತದ್ದು 1941ರಲ್ಲಿ "ಕೊನೆಯ" ಅನ್ನೋ ಪದದ ಬದಲು "ನಾಲ್ಕನೇ" ಅಂತ ಕಾನೂನು ಮಾಡಿದಮೇಲೆ. ತಿಂಗಳು ಬೆಳೆಯದ್ದು ಇರಬಹುದು, ವಾರ ಮಾತ್ರ ಜನ ಕೂತು ಆರಿಸಿದ್ದು.

ಇಷ್ಟು ತಿಳಿದಮೇಲೆ ಹೊಸನಗರದವರ ಐಡಿಯಾ: "ಭೂಮಿ ಹುಣ್ಣಿಮೆಯನ್ನೂ ಎರಡನೇ ಸೋಮವಾರ ಮಾಡಿದ್ರೆ? ರಜೆ ಪ್ಲಾನ್ ಮಾಡಬಹುದು." ನಕ್ಕು ಬಿಡಬಹುದಿತ್ತು. ಆದರೆ ನಾವು ಇಂಜಿನಿಯರಿಂಗ್‌ನವರಲ್ವಾ, ಚೆಕ್ ಮಾಡಿದ್ವಿ.

ಹುಣ್ಣಿಮೆ 2023ರಲ್ಲಿ ಅಕ್ಟೋಬರ್ 28, 2024ರಲ್ಲಿ 17, 2025ರಲ್ಲಿ 6ರ ಮಧ್ಯಾಹ್ನದಿಂದ 7ರ ಬೆಳಿಗ್ಗೆವರೆಗೆ. ಹನ್ನೆರಡು ಚಾಂದ್ರಮಾಸ ಅಂದ್ರೆ 354 ದಿನ, ಹಾಗಾಗಿ ವರ್ಷಕ್ಕೆ ಸುಮಾರು 11 ದಿನ ಹಿಂದೆ ಜಾರುತ್ತೆ. ಹೀಗೇ ಬಿಟ್ರೆ ಮಳೆಗಾಲಕ್ಕೇ ಬಂದುಬಿಡುತ್ತೆ. ತಡೆಯೋದು ಅಧಿಕ ಮಾಸ. ನಿಯಮ ಸರಳ: ಅಮಾವಾಸ್ಯೆಯಿಂದ ಅಮಾವಾಸ್ಯೆಯೊಳಗೆ ಸೂರ್ಯ ಹೊಸ ರಾಶಿಗೆ ಹೋಗದಿದ್ರೆ, ಆ ತಿಂಗಳು ಅಧಿಕ. ತುಲಾ ಸಂಕ್ರಮಣ, ಅಂದ್ರೆ ತಲಕಾವೇರಿಯಲ್ಲಿ ತೀರ್ಥೋದ್ಭವ ಆಗೋ ದಿನ, ಅಕ್ಟೋಬರ್ 17ರ ಆಸುಪಾಸು. ಅದು ಯಾವ ತಿಂಗಳೊಳಗೆ ಬೀಳುತ್ತೋ ಅದೇ ನಿಜ ಆಶ್ವಯುಜ.

2020 ನೋಡಿ. ಕನ್ಯಾ ಸಂಕ್ರಮಣ ಸೆಪ್ಟೆಂಬರ್ 16ಕ್ಕೆ ಆಗಿಹೋಯ್ತು, ಅಮಾವಾಸ್ಯೆ ಮುಗಿದದ್ದು 17ರ ಸಂಜೆ. ಮುಂದಿನ ಅಮಾವಾಸ್ಯೆ ಮುಗಿದದ್ದು ಅಕ್ಟೋಬರ್ 16ರ ಮಧ್ಯರಾತ್ರಿ ಕಳೆದು ಒಂದು ಗಂಟೆ ಸುಮಾರಿಗೆ. ತುಲಾ ಸಂಕ್ರಮಣ ಅದೇ ಬೆಳಿಗ್ಗೆ ಏಳರ ಹೊತ್ತಿಗೆ. ಆರು ಗಂಟೆಯಲ್ಲಿ ತಪ್ಪಿತು! ನಡುವಿನ ತಿಂಗಳಿಗೆ ಸಂಕ್ರಮಣವೇ ಸಿಗದೆ ಅಧಿಕ ಆಯ್ತು, ಭೂಮಿ ಹುಣ್ಣಿಮೆ ಅಕ್ಟೋಬರ್ 2ರ ಸುಮಾರಿಗೆ ಬರೋ ಬದಲು 31ಕ್ಕೆ ಹೋಯ್ತು.

ಅಂದ್ರೆ ನಮ್ಮ ಹಬ್ಬ ಒಂದು ತಿಂಗಳಷ್ಟು ಅಗಲದಲ್ಲಿ ಓಡಾಡುತ್ತೆ, ಅವರದ್ದು ಏಳೇ ತಾರೀಕಿನೊಳಗೆ. ಬೆಳೆಗೆ ಹತ್ತಿರ ಇರೋದು ಯಾವುದು ಅಂತ ಕೇಳಿದ್ರೆ, ನಮಗೆ ಇಷ್ಟ ಇಲ್ಲದಿದ್ರೂ ಉತ್ತರ ಸೋಮವಾರ. ಅಪ್ಪಯ್ಯನ್ನ ಕೇಳಿದ್ವಿ. "ಹೌದಪ್ಪ, ಬೇಗ ಬಂದ ವರ್ಷ ಪೈರು ಇನ್ನೂ ಎಳೇದು, ತಡ ಆದ ವರ್ಷ ತೆನೆ ಹೊರಗೇ ಬಂದಿರ್ತದೆ. ಅದಕ್ಕೇನು, ಊಟ ಹಾಕೋದು ಬಿಡ್ತಾರಾ?" ಅಂದ್ರು.

ಆ ಐಡಿಯಾ ಬಿದ್ದದ್ದು ಅಜ್ಜಿಯ ಒಂದೇ ಮಾತಿಗೆ. 2020ರ ಎರಡನೇ ಸೋಮವಾರ ಅಕ್ಟೋಬರ್ 12, ಅಮಾವಾಸ್ಯೆಗೆ ನಾಲ್ಕು ದಿನ ಉಳಿದಿತ್ತು. "ಆ ಕತ್ತಲಲ್ಲಿ ಬುಟ್ಟಿ ಹೊತ್ಕೊಂಡು ಗದ್ದೆ ಅಂಚಿನ ಮೇಲೆ ಹೆಂಗೆ ನಡೀಲಿ?" ರಾತ್ರಿಯಿಡೀ ಅಡುಗೆ, ಬೆಳಗಿಗೆ ಮುಂಚೆ ನಡಿಗೆ. ಹುಣ್ಣಿಮೆಯ ಚಂದ್ರ ಸೂರ್ಯ ಹುಟ್ಟೋವರೆಗೂ ಪಡುವಣದಲ್ಲಿ ಇರ್ತಾನೆ. ಅವರ ನಿಯಮ ಆಫೀಸಿಗೆ ಅನುಕೂಲ, ನಮ್ಮದು ಕಾಲಿಗೆ.

2026ರಲ್ಲಿ ಅಧಿಕ ಜ್ಯೇಷ್ಠ ಇದೆ, ಹಾಗಾಗಿ ಹುಣ್ಣಿಮೆ ಮತ್ತೆ ಮುಂದಕ್ಕೆ: ಅಕ್ಟೋಬರ್ 25ರಿಂದ 26ರ ಬೆಳಿಗ್ಗೆವರೆಗೆ. 25 ಭಾನುವಾರ. ಶನಿವಾರ ರಾತ್ರಿ ಬಸ್ ಹತ್ತಿದ್ರೆ ಅಡುಗೆಗೆ ಸೊಪ್ಪು ಕೊಯ್ಯೋಕೇ ಸಿಗ್ತೀವಿ. ಸೋಮವಾರ ಒಂದು ದಿನ ಅಟೆಂಡೆನ್ಸ್ ಹೋಗುತ್ತೆ, ಹೋಗಲಿ.