ಬುರ್ಖಾದ ಅಂಚು

ಕೊಟ್ಟೂರಿನಲ್ಲಿರುವ ಅಮ್ಮಿಗೆ ಈಗ 72. ಕಾಲು ಜೋಮು ಹಿಡಿಯುತ್ತದೆಂದು ಹರಪನಹಳ್ಳಿಗೆ ಕರೆದೊಯ್ದು ಸೊಂಟದ ಎಕ್ಸ್‌ರೇ ತೆಗೆಸಿದೆ. ಡಾಕ್ಟರರ ಬೆರಳು ಮಾತ್ರ ಫಿಲ್ಮಿನ ಮೇಲ್ತುದಿಯಲ್ಲಿ ನಿಂತಿತು. ಪಕ್ಕೆಲುಬು ಮುಗಿಯುವಲ್ಲಿನ ಬೆನ್ನೆಲುಬಿನ ಒಂದು ಮಣಿ ಮುಂಭಾಗದಲ್ಲಿ ಕುಸಿದು ಬೆಣೆಯಂತಾಗಿತ್ತು.

"ನಾನು ಬಿದ್ದೇ ಇಲ್ಲವಲ್ಲ, ಬೇಟಾ?" ಎಂದರು ಅಮ್ಮಿ.

ಬೀಳಲೇಬೇಕೆಂದಿಲ್ಲವಂತೆ. ಟೊಳ್ಳಾದ ಎಲುಬು ಕೊಡ ಎತ್ತುವಾಗಲೂ ಕುಸಿಯಬಹುದು, ನೋವೂ ಕಾಣದಿರಬಹುದು. ಎರಡು ವರ್ಷದಿಂದ ಅಮ್ಮಿಯ ಬುರ್ಖಾದ ಅಂಚು ನೆಲ ಗುಡಿಸುತ್ತಿತ್ತು. ನಾವು ದರ್ಜಿಯನ್ನು ಬೈದೆವು, ಗಿಡ್ಡವಾದದ್ದು ಅಮ್ಮಿ.

ಹೋಲಿಸಲು ಹಳೆಯ ಎಕ್ಸ್‌ರೇ ಇರಲಿಲ್ಲ. ಬೆನ್ನು ತಟ್ಟಿದರೂ ನೋವಿಲ್ಲದ್ದರಿಂದ ಹಳೆಯ ಮುರಿತವಿರಬೇಕೆಂದರು. ಆದರೂ ಗಡ್ಡೆಯೋ ರಕ್ತದ ಕ್ಯಾನ್ಸರೋ ಎಲುಬು ತಿಂದಿಲ್ಲವೆಂದು ತಿಳಿಯಲು ರಕ್ತಪರೀಕ್ಷೆ ಬರೆದರು. ಕ್ಯಾಲ್ಸಿಯಂ, ವಿಟಮಿನ್ ಡಿ, ಮೂತ್ರಪಿಂಡದ್ದೂ ಸೇರಿ. ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾಕ್ಕೆ ದಾವಣಗೆರೆಗೆ ಹೋದೆವು. ಅಂಕ ಮೈನಸ್ 2.1. ಮೈನಸ್ 2.5ಕ್ಕೆ ಇಳಿದರೆ ಮಾತ್ರ ಕಾಯಿಲೆಯೆಂದು ಓದಿದ್ದ ನಾನು ನಿಟ್ಟುಸಿರುಬಿಟ್ಟೆ. ಡಾಕ್ಟರರು ಒಪ್ಪಲಿಲ್ಲ. ಬೀಳದೆಯೇ ಮುರಿದ ಮೇಲೆ ಅಂಕ ಏನೇ ಇರಲಿ, ಅದು ಎಲುಬು ಸವೆತವೇ. ಹಾಗೇ ಬಿಟ್ಟರೆ ಮತ್ತೊಂದು ಮಣಿಯೋ ತೊಡೆಯೋ ಮುರಿಯಬಹುದು ಎಂದರು.

ವಾರಕ್ಕೊಂದು ಅಲೆಂಡ್ರೊನೇಟ್, 70 ಮಿಲಿಗ್ರಾಂ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ನೀರಿನೊಂದಿಗೆ. ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ಚಹಾ ಕುಡಿಯುವಂತಿಲ್ಲ. ಮಾತ್ರೆ ಅನ್ನನಾಳಕ್ಕೆ ಅಂಟಿಕೊಂಡರೆ ಹುಣ್ಣಾಗುತ್ತದೆ.

ಇದಕ್ಕೆಲ್ಲ ಅಮ್ಮಿ ಒಪ್ಪಿದರು. ಸೊಂಟ ಬಾಗಿಸಬೇಡಿ, ನಮಾಜು ಕುರ್ಚಿಯ ಮೇಲಿರಲಿ ಎಂದಾಗ ಮುಖ ತಿರುಗಿಸಿದರು. ಅರವತ್ತು ವರ್ಷದ ಸಜ್ದಾ! ಕುರ್ಚಿ ತಂದಿಟ್ಟೆ. ಮೂರು ದಿನ ಅದರ ಮೇಲೆ ಒಗೆದ ಬಟ್ಟೆಗಳಿದ್ದವು. ಶುಕ್ರವಾರ ನೋಡಿದರೆ ಬಟ್ಟೆಗಳು ಮಂಚದ ಮೇಲಿದ್ದವು.