ಬಲಗೈ ಯಾವ ಕಡೆ?

ನನ್ನ ಮೊಮ್ಮಗಳು ರಾಜಾಜಿನಗರದ ಒಂದು ಅನುದಾನಿತ ಶಾಲೆಯಲ್ಲಿ ಎಂಟನೇ ತರಗತಿ ಓದುತ್ತಿದ್ದಾಳೆ. ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆಗೆ ತಯಾರಿ ನಡೆದಿದೆ. ಅದರಲ್ಲಿ ಬೌದ್ಧಿಕ ಸಾಮರ್ಥ್ಯಕ್ಕೆಂದೇ ಒಂದು ಪತ್ರಿಕೆ, 90 ಪ್ರಶ್ನೆ. ‘ಆರು ಜನ ವೃತ್ತಾಕಾರವಾಗಿ ಕುಳಿತಿದ್ದಾರೆ’ ಎಂದು ಶುರುವಾಗುವ ಲೆಕ್ಕ ಕಂಡರೆ ಮಾತ್ರ ಅವಳಿಗೆ ಗಾಬರಿ. ಅದನ್ನು ಹೇಳಿಕೊಡುವ ಭಾರ ನಾನು ಹೊತ್ತೆ.

ನಾನು ಕೊಟ್ಟ ಸೂತ್ರ ಒಂದೇ. “ದಕ್ಷಿಣ ಅಂದರೆ ಬಲ. ಆದ್ದರಿಂದ ಬಲಗಡೆ ಅಂದರೆ ಪ್ರದಕ್ಷಿಣೆ, ಗಡಿಯಾರದ ಮುಳ್ಳು ತಿರುಗುವ ದಿಕ್ಕು. ಎಡಗಡೆ ಅಂದರೆ ಅದಕ್ಕೆ ಉಲ್ಟಾ.” ಹತ್ತು ಲೆಕ್ಕ ಮಾಡಿದೆವು. ಹತ್ತೂ ಪುಸ್ತಕದ ಕೊನೆಯ ಪುಟದ ಉತ್ತರಕ್ಕೆ ಸರಿಹೊಂದಿದವು. ನಾನು ಮೀಸೆ ತಿರುವಿಕೊಂಡೆ.

ಆಮೇಲೆ ಶಾಲೆಯಲ್ಲಿ ಅಭ್ಯಾಸ ಪರೀಕ್ಷೆ ಆಯಿತು. ಅವಳು ಸಪ್ಪೆ ಮುಖ ಮಾಡಿಕೊಂಡು ಬಂದಳು. “ತಾತ, ನೀವು ಹೇಳಿದ ಹಾಗೇ ಮಾಡಿದೆ. ತಪ್ಪಾಯ್ತು.”

ಲೆಕ್ಕ ಹೀಗಿತ್ತು: ಅನು, ಬಾಲು, ಚಂದ್ರು, ದೀಪಾ, ಈಶ, ಗೀತಾ ದುಂಡಗೆ, ಸಮದೂರದಲ್ಲಿ ಕುಳಿತಿದ್ದಾರೆ. ಬಾಲು ಒಬ್ಬನೇ ಹೊರಗೆ ಮುಖ ಮಾಡಿದ್ದಾನೆ, ಉಳಿದವರೆಲ್ಲ ಒಳಗೆ. ಅನುವಿನ ಬಲಕ್ಕೆ ಎರಡನೆಯವನು ಬಾಲು. ಬಾಲುವಿನ ಬಲಪಕ್ಕಕ್ಕೆ ಚಂದ್ರು. ಅನುವಿನ ಎಡಪಕ್ಕಕ್ಕೆ ದೀಪಾ, ದೀಪಾಳ ಎಡಪಕ್ಕಕ್ಕೆ ಈಶ. ಹಾಗಾದರೆ ಅನುವಿನ ಎದುರಿಗೆ ಯಾರು?

ನನ್ನ ಸೂತ್ರದಂತೆ ಚಂದ್ರು. ಆರೂ ಜನಕ್ಕೆ ಜಾಗ ಸಿಕ್ಕಿತ್ತು, ಎಲ್ಲೂ ತೊಡಕಿರಲಿಲ್ಲ. ಆದರೆ ಸರಿಯುತ್ತರ ಗೀತಾ.

ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಅವಳ ಅಜ್ಜಿ ಅಡುಗೆಮನೆಯಿಂದಲೇ ಕೇಳಿದಳು. “ರೀ, ಗಾಳಿ ಆಂಜನೇಯನ ಗುಡಿಯಲ್ಲಿ ಪ್ರದಕ್ಷಿಣೆ ಹಾಕುವಾಗ ದೇವರು ಯಾವ ಕಡೆ ಇರ್ತಾನೆ?”

“ಬಲಗಡೆ.”

“ಅಲ್ಲೇ ನಿಂತು ದೇವರ ಕಡೆ ತಿರುಗಿ. ಈಗ ಮುಂದೆ ಹೋಗಬೇಕಾದ ದಾರಿ ಯಾವ ಕಡೆ ಬಂತು?”

ನಡುಮನೆಯಲ್ಲೇ ಎದ್ದು ನಿಂತು ತಿರುಗಿ ನೋಡಿದೆ. ದಾರಿ ಎಡಗಡೆ ಬಂದಿತ್ತು! ಪ್ರದಕ್ಷಿಣೆಯಲ್ಲಿ ಬಲಕ್ಕಿರುವುದು ದೇವರು, ನಡೆಯುವ ದಾರಿಯಲ್ಲ. ಒಳಗೆ ಮುಖ ಮಾಡಿದವನಿಗೆ ಪ್ರದಕ್ಷಿಣೆಯ ದಿಕ್ಕು ಎಡಗೈ ಕಡೆ. ದೇವರಿಗೆ ಬೆನ್ನು ಮಾಡಿ ಹೊರಗೆ ನೋಡಿದರೆ ಅದೇ ದಿಕ್ಕು ಬಲಗೈ ಕಡೆ. ಪದದ ಅರ್ಥ ನೋಡಿ ಸೂತ್ರ ಕಟ್ಟಿದ್ದ ನಾನು ಮುಖ ಯಾವ ಕಡೆ ಎಂಬುದನ್ನೇ ಮರೆತಿದ್ದೆ.

ಸಂಜೆ ಮೊಮ್ಮಗಳ ಜೊತೆ ವಿಜಯನಗರದಲ್ಲಿರುವ ನಮ್ಮ ಮನೆಯ ಹತ್ತಿರದ ಪಾರ್ಕಿಗೆ ಹೋದೆ. ಅಲ್ಲಿ ಮಕ್ಕಳು ದುಂಡಗೆ ಕುಳಿತು ‘ಟೋಪಿ ಬೇಕಾ ಟೋಪಿ’ ಆಡುತ್ತಿದ್ದರು. ಆರು ಜಾಗಕ್ಕೆ ಆರು ಕಲ್ಲು ಇಟ್ಟೆವು. ಅನು ಆದ ಹುಡುಗಿ ಒಳಗೆ ಮುಖ ಮಾಡಿ ಕುಳಿತು ಬಲಗೈ ಚಾಚಿದಳು. ಆ ಕಡೆ ಒಂದು ಕಲ್ಲು ಬಿಟ್ಟು ಎರಡನೆಯದರಲ್ಲಿ ಬಾಲು ಹೊರಗೆ ಮುಖ ಮಾಡಿ ಕುಳಿತ. ಅವನು ಬಲಗೈ ಚಾಚಿದಾಗ ಅದು ಅನುವಿನ ಕಡೆಗೇ ಬಂತು! ಇಬ್ಬರ ನಡುವೆ ಖಾಲಿ ಇದ್ದ ಜಾಗ ಚಂದ್ರುವಿನದು. ಅನುವಿನ ಎಡಗೈ ಕಡೆ ದೀಪಾ, ಆಮೇಲೆ ಈಶ. ಉಳಿದದ್ದು ಅನುವಿನ ಎದುರಿನ ಕಲ್ಲು ಒಂದೇ. ಗೀತಾ ಹೋಗಿ ಅದರ ಮೇಲೆ ಕುಳಿತಳು.

“ಹಾಗಾದರೆ ಮೊದಲಿನ ಹತ್ತು ಲೆಕ್ಕ ಹೇಗೆ ಸರಿಯಾಯ್ತು ತಾತ?” ಎಂದಳು ಮೊಮ್ಮಗಳು. ಒಳ್ಳೆಯ ಪ್ರಶ್ನೆ. ಆ ಹತ್ತರಲ್ಲೂ ಎಲ್ಲರ ಮುಖ ಒಳಗೇ ಇತ್ತು. ಎಲ್ಲರ ಎಡಬಲವನ್ನೂ ನಾನು ಒಂದೇ ರೀತಿ ತಿರುಗಾಮುರುಗಾ ಮಾಡಿದ್ದೆ. ಚಿತ್ರ ಕನ್ನಡಿಯೊಳಗಿನ ಬಿಂಬದಂತೆ ಬಂದಿತ್ತು. ಬಿಂಬದಲ್ಲೂ ಪಕ್ಕದವರು ಪಕ್ಕದಲ್ಲೇ, ಎದುರಿನವರು ಎದುರಿಗೇ ಇರುತ್ತಾರೆ. ಹಾಗಾಗಿ ತಪ್ಪು ಬಯಲಿಗೆ ಬರಲಿಲ್ಲ. ಒಬ್ಬ ಹೊರಗೆ ತಿರುಗಿದ್ದೇ ತಡ, ಬಯಲಾಯಿತು. ‘ಅನುವಿನಿಂದ ಪ್ರದಕ್ಷಿಣ ದಿಕ್ಕಿನಲ್ಲಿ ಎರಡನೆಯವರು ಯಾರು’ ಎಂದು ಕೇಳಿದ್ದರೂ ಅಂಥ ಚಿತ್ರ ಕೈಕೊಡಬಹುದಿತ್ತು.

ಈಗ ಅವಳು ಹೆಸರು ಬರೆಯುವಾಗಲೇ ಮುಖ ಯಾವ ಕಡೆ ಎಂದು ಪುಟ್ಟ ಬಾಣ ಹಾಕುತ್ತಾಳೆ. ವೃತ್ತದ ಮೇಲ್ಗಡೆ ಇರುವವರ ಬಲಗೈಯೇ ಹೆಚ್ಚು ಮೋಸ ಮಾಡುವುದು, ಏಕೆಂದರೆ ಒಳಗೆ ಮುಖ ಮಾಡಿದರೆ ಅವರು ನಮಗೆ ಎದುರಾಗಿರುತ್ತಾರೆ. ಆಗ ಅವಳು ಆ ಬಾಣ ತನ್ನ ಮುಂದಕ್ಕೆ, ತನ್ನಿಂದಾಚೆಗೆ ತೋರಿಸುವವರೆಗೆ ಹಾಳೆ ತಿರುಗಿಸುತ್ತಾಳೆ. ಆಗ ಅವರ ಬಲವೂ ಅವಳ ಬಲವೂ ಒಂದೇ.

ಮೊನ್ನೆ ಶನಿವಾರ ಗುಡಿಯಲ್ಲಿ ಪ್ರದಕ್ಷಿಣೆ ಹಾಕುವಾಗ ನನ್ನ ಕೈ ಹಿಡಿದು ನಿಲ್ಲಿಸಿದಳು. “ತಾತ, ದೇವರ ಕಡೆ ತಿರುಗಿ. ಈಗ ಯಾವ ಕಡೆ ಹೋಗಬೇಕು?”

“ಎಡಕ್ಕಮ್ಮ” ಎಂದೆ. ಅವಳು ನನ್ನ ಮಾತಿನ ಮೇಲೆ ಬಿಡಲಿಲ್ಲ, ತಾನೂ ತಿರುಗಿ ನಿಂತು ನೋಡಿಯೇ ತಲೆಯಾಡಿಸಿದಳು.